ಸ್ವಲ್ಪ ಕಳಿಸಿಬಿಡು ಮಾರಾಯ

ನೊಯ್ಡಾದ ನಮ್ಮ ಆಫೀಸಿನಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು ಮಂದಿ. ನಮ್ಮನಮ್ಮೊಳಗೆ ವಾಟ್ಸಾಪಿನಲ್ಲಿ ಕನ್ನಡ, ತಂಡದ ಚಾಟ್‌ನಲ್ಲಿ ಇಂಗ್ಲಿಷ್. ಮೊನ್ನೆ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ, "ಅಕ್ಕಾ, ಇದನ್ನ ಡಿಸೈನ್‌ನವರಿಗೆ ಮರ್ಯಾದೆಯಾಗಿ ಹೇಳೋದು ಹ್ಯಾಗೆ?" ಎಂದು ಕೇಳಿ, ತನ್ನ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೇ ಬರೆದು ಕಳಿಸಿದ: "ಆ ಫೈಲ್ ಇನ್ನೂ ಬಂದಿಲ್ಲ ನೋಡು, ಸ್ವಲ್ಪ ಕಳಿಸಿಬಿಡು ಮಾರಾಯ, ಸಂಜೆ ಕ್ಲೈಂಟ್ ತಲೆ ತಿಂತಾನೆ."

ಇಂಥದ್ದು ಕೈಗೆ ಸಿಕ್ಕರೆ ನನಗೆ ಮಧ್ಯಾಹ್ನದ ಚಹಾ ಕೂಡ ಬೇಡ. ಎಷ್ಟು ಚೆಂದದ ಮಾತು! ಇದರಲ್ಲಿ ಒರಟುತನ ಎಲ್ಲಿಯೂ ಇಲ್ಲ. 'ಸ್ವಲ್ಪ' ಅಂದದ್ದು ಫೈಲಿನ ಅಳತೆಗಲ್ಲ, ಕೇಳುವ ಭಾರ ಇಳಿಸುವುದಕ್ಕೆ. 'ಬಿಡು' ಅಂದರೆ ಮುಗಿಸಿ ಹಗುರಾಗು ಎಂದು. 'ಮಾರಾಯ' ಹೆಗಲ ಮೇಲೆ ಕೈ ಹಾಕುತ್ತದೆ. ತಲೆ ತಿನ್ನುವ ಕ್ಲೈಂಟ್ ಇಬ್ಬರಿಗೂ ಸೇರಿದ ಕಷ್ಟ. ನಾವಿಬ್ಬರೂ ಒಂದೇ ಕಡೆಯವರು ಎಂಬುದೇ ಇಲ್ಲಿನ ಮರ್ಯಾದೆ. ಆಫೀಸಿನ ಇಂಗ್ಲಿಷ್ ಮರ್ಯಾದೆಯ ದಾರಿ ಬೇರೆ: ನಿಮ್ಮ ಸಮಯ ನಿಮ್ಮದು, ಬೇಡ ಅನ್ನುವ ಜಾಗ ನಿಮಗಿದೆ, ಆದರೂ ಕೇಳುತ್ತಿದ್ದೇನೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ 1987ರಲ್ಲಿ ಪುಸ್ತಕವಾಗಿ ತಂದ ಸೌಜನ್ಯದ ಅಧ್ಯಯನದಲ್ಲಿ ಈ ಎರಡು ದಾರಿಗಳನ್ನು ಬಿಡಿಸಿ ತೋರಿಸಿದ್ದಾರೆ. ಅವರು ಮುಖ್ಯವಾಗಿ ಆಧಾರವಾಗಿಟ್ಟುಕೊಂಡ ಮೂರು ಭಾಷೆಗಳಲ್ಲಿ ನಮ್ಮ ಪಕ್ಕದ ತಮಿಳೂ ಒಂದು. ಓದುವಾಗ ಪರಿಚಯದ ಮನೆಗೆ ಹೋದಂತಾಗುತ್ತದೆ.

ಹುಡುಗನಿಗೆ ಹೀಗೆ ಬರೆದುಕೊಟ್ಟೆ: "ಹಾಯ್, ದ ಫೈಲ್ ಹ್ಯಾಸಂಟ್ ರೀಚ್ಡ್ ಮಿ ಯೆಟ್. ಕುಡ್ ಯು ಸೆಂಡ್ ಇಟ್ ಬೈ ಫೋರ್? ವಿ ಹ್ಯಾವ್ ದ ಕ್ಲೈಂಟ್ ಕಾಲ್ ಅಟ್ ಫೈವ್." 'ಸ್ವಲ್ಪ' ಹೋಗಿ 'ಕುಡ್ ಯು'ನಲ್ಲಿ ಕೂತಿತು. 'ಕಳಿಸಿಬಿಡು' ಎಂಬುದರ ಆತುರಕ್ಕೆ ನಾಲ್ಕು ಗಂಟೆಯ ಗಡುವು ಬಂತು. ತಲೆ ತಿನ್ನುವವನು ಐದು ಗಂಟೆಯ ಕಾಲ್ ಆದ. 'ಮಾರಾಯ'ನ ಸಲಿಗೆಯನ್ನು 'ವಿ' ಎಂಬ ಪುಟ್ಟ ಪದ ಹೊತ್ತುಕೊಂಡಿತು. ಅಲ್ಲಿ 'ಐ' ಹಾಕಿದ್ದರೆ ಕಷ್ಟವೆಲ್ಲ ಹುಡುಗನೊಬ್ಬನದೇ ಆಗುತ್ತಿತ್ತು.

ನನಗೆ ಅತ್ಯಂತ ಪ್ರಿಯವಾದದ್ದು ಮೊದಲ ವಾಕ್ಯ. ಕನ್ನಡದಲ್ಲಿ ಫೈಲ್ 'ಬಂದಿಲ್ಲ', ಅರ್ಥ 'ಆಗಲಿಲ್ಲ', ಕೆಲಸ 'ಮುಗಿದಿಲ್ಲ'. ವಸ್ತುವೇ ಮುಂದೆ ನಿಲ್ಲುತ್ತದೆ, ಮನುಷ್ಯನ ಕಡೆ ಬೆರಳು ಹೋಗುವುದಿಲ್ಲ. ಈ ಜಾಣತನವನ್ನು ಇಂಗ್ಲಿಷಿಗೆ ಹಾಗೇ ದಾಟಿಸಬಹುದು, ದಾಟಿಸಲೇಬೇಕು. 'ಯು ಹ್ಯಾವಂಟ್ ಸೆಂಟ್' ಎಂದು ಬರೆದ ಮೇಲೆ ಎಷ್ಟು 'ಪ್ಲೀಸ್' ಸುರಿದರೂ ಅದು ಆಪಾದನೆಯೇ. ಒಂದು ಎಚ್ಚರ ಮಾತ್ರ ಬೇಕು. ಹತ್ತು ಜನರ ಗುಂಪಿನಲ್ಲಿ ಬರೀ 'ಫೈಲ್ ಬಂದಿಲ್ಲ' ಎಂದರೆ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಫೈಲ್ ಮಾತ್ರ ಬರುವುದಿಲ್ಲ. ಅಲ್ಲಿ ಕಳಿಸಬೇಕಾದವರ ಹೆಸರನ್ನು ಮೊದಲಿಗೇ ಹಾಕಬೇಕು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಮರ್ಯಾದೆ ಎಂದರೆ 'ಕೈಂಡ್ಲಿ' ಎಂದು ತಿಳಿದವರಿದ್ದಾರೆ. ಇದೇ ಮಾತನ್ನು ಅವರಿಗೆ ಕೊಟ್ಟರೆ "ಜೆಂಟಲ್ ರಿಮೈಂಡರ್, ಕೈಂಡ್ಲಿ ಶೇರ್ ದ ಸೇಮ್ ಅಟ್ ದಿ ಅರ್ಲಿಯೆಸ್ಟ್" ಎಂದು ಮಾಡುತ್ತಾರೆ. ಯಾವ ಫೈಲ್? ಎಷ್ಟು ಹೊತ್ತಿಗೆ? ಯಾಕೆ? ಒಂದೂ ಇಲ್ಲ. ನೆನಪಿಸುವವರು ತಾವೇ ತಮ್ಮನ್ನು ಸೌಮ್ಯ ಎಂದು ಕರೆದುಕೊಂಡರೆ ಓದುವವರಿಗೆ ಕೇಳಿಸುವುದು ಹಲ್ಲು ಕಡಿದ ಸದ್ದು. ಪಕ್ಕದ ಮೇಜಿನ ಗೆಳೆಯನಿಗೆ ಸರ್ಕಾರಿ ನೋಟಿಸಿನ ಧಾಟಿಯಲ್ಲಿ ಬರೆಯುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಸಲಿಗೆಯ ಮಾತನ್ನು ಇವರು ಕೊಂದು, ಹೂ ಹಾಕಿ ಕಳಿಸುತ್ತಾರೆ. ಹೊಸದಾಗಿ ಸೇರಿದ ಮಕ್ಕಳಿಗೆ ಇದನ್ನೇ ಕಲಿಸುತ್ತಾರೆ ಬೇರೆ.

ಧಾರವಾಡದ ನನ್ನ ಸಹೋದ್ಯೋಗಿಯದು ಇನ್ನೊಂದು ಸಮಸ್ಯೆ, ನನಗೆ ಹೆಚ್ಚು ಇಷ್ಟವಾದದ್ದು. ಅವರ ಮಾತಿನಲ್ಲಿ 'ಹೌದ್ರಿ', 'ಇಲ್ರಿ', 'ನೋಡ್ರಿ', ಎಲ್ಲದರ ಬಾಲಕ್ಕೂ 'ರಿ'. ಈ ಊರಿನ ಹಿಂದಿಯಲ್ಲಿ 'ಹಾಂ ಜೀ', 'ನಹೀಂ ಜೀ' ಇರುವುದರಿಂದ ಬಾಯಿಮಾತಿನಲ್ಲಿ ಅವರಿಗೆ ಕಷ್ಟವೇ ಆಗಲಿಲ್ಲ. 'ರಿ' ಇದ್ದಲ್ಲಿ 'ಜೀ' ಇಟ್ಟರೆ ಮುಗಿಯಿತು, ಸಲಿಗೆಯೂ ಉಳಿಯಿತು, ಗೌರವವೂ ಉಳಿಯಿತು. ಚಾಟ್‌ನ ಇಂಗ್ಲಿಷಿನಲ್ಲಿ ಆ ಬಾಲ ಕಟ್ಟುವುದಕ್ಕೆ ಜಾಗವಿಲ್ಲ. 'ಸರ್' ಹಾಕಿದರೆ ಅಂತರ ಬರುತ್ತದೆ, ಏನೂ ಹಾಕದೆ 'ನೋ' ಎಂದರೆ ಕೆನ್ನೆಗೆ ಹೊಡೆದಂತೆ. ಅವರ 'ಇಲ್ರಿ, ಇವತ್ತ ಆಗಂಗಿಲ್ರಿ' ಎಂಬುದಕ್ಕೆ ನಾನು ಕೊಟ್ಟದ್ದು: "ಟುಡೇ ವೋಂಟ್ ವರ್ಕ್, ಐ ಕ್ಯಾನ್ ಡು ಟುಮಾರೋ ಮಾರ್ನಿಂಗ್." ಎರಡು 'ರಿ'ಗಳ ಬದಲಿಗೆ ನಾಳೆ ಬೆಳಿಗ್ಗೆಯ ಮಾತು. ಅವರು ಓದಿ, "ಛಲೋ ಆತ್ರಿ, ಆದ್ರ ನಾಳೆ ಮುಂಜಾನೆ ನನಗ ಮೀಟಿಂಗ್ ಐತ್ರಿ" ಎಂದರು. ಮಧ್ಯಾಹ್ನ ಎಂದು ತಿದ್ದಿ ಕಳಿಸಿದೆವು.