ಬಿಗಿಯೂ ಬೇಡ, ಸಡಿಲವೂ ಬೇಡ

ಹರಿಹರದ ಆ ಮನೆಯ ಅಡುಗೆಮನೆಯಲ್ಲಿ ರಾತ್ರಿ ಹತ್ತಾದರೂ ದೀಪ ಆರಿರಲಿಲ್ಲ. ತಾಯಿ ಶೇಂಗಾ ಚಟ್ನಿಪುಡಿಯನ್ನು ಡಬ್ಬಿಗೆ ತುಂಬುತ್ತಿದ್ದರು. ಕಟಕಲು ರೊಟ್ಟಿಗಳನ್ನು ಆಗಲೇ ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಾಗಿತ್ತು. ನಡುಮನೆಯಲ್ಲಿ ಹೊಸ ಟ್ರಂಕು ಬಾಯಿ ತೆರೆದುಕೊಂಡು ಕುಳಿತಿತ್ತು. ಅದರ ಪಕ್ಕದಲ್ಲೇ ತಂದೆ ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದುಕೊಂಡು, ಪೆನ್ನಿನ ತುದಿ ಕಚ್ಚುತ್ತಾ ಯೋಚಿಸುತ್ತಿದ್ದರು. ಮರುದಿನ ಬೆಳಿಗ್ಗೆ ಮಗಳು ಸುರತ್ಕಲ್ಲಿಗೆ ಹೊರಡುವವಳು. ಅವಳ ಟ್ರಂಕಿನಲ್ಲಿ ಒಂದು ಕಾಗದ ಇಡಬೇಕೆಂಬುದು ಅವರ ಆಸೆ.

ಕೈಯಲ್ಲಿ ಫೋನಿರುವ ಕಾಲದಲ್ಲಿ ಕಾಗದ ಯಾಕೆ ಎಂದು ಮಗ ನಕ್ಕಿದ್ದ. ತಂದೆಗೆ ಫೋನಿನ ಗುಣ ಗೊತ್ತಿತ್ತು. ಅದರಲ್ಲಿ ಮಾತು 'ಊಟ ಆಯ್ತಾ?' ಎಂಬಲ್ಲಿ ಶುರುವಾಗಿ 'ಸರಿ, ಇಡ್ಲಾ?' ಎಂಬಲ್ಲಿ ಮುಗಿಯುತ್ತದೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ತಂದೆಯದು ಲೇತ್ ಕೆಲಸ. ಅವರ ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಆ ಕಾರ್ಖಾನೆ 1941ರಲ್ಲಿ ಆರಂಭವಾಗಿ ಊರಿಗೆ ಹೆಸರು ತಂದಿತ್ತು. ಅದರ ಕಾಲ ಮುಗಿದ ಮೇಲೆ ಮಗನ ಪಾಲಿಗೆ ಬಂದದ್ದು ದಾವಣಗೆರೆಯ ಒಂದು ಸಣ್ಣ ವರ್ಕ್‌ಶಾಪು. ದಿನವೂ 14 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುವುದು, ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ ಹೊತ್ತು ಮನೆಗೆ ಮರಳುವುದು. ಈಗ ಮೊಮ್ಮಗಳು ಎನ್.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ಹೊರಟಿದ್ದಾಳೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿ, 2002ರಲ್ಲಿ ಎನ್.ಐ.ಟಿ. ಆದ ಸಂಸ್ಥೆ ಅದು. ದಾವಣಗೆರೆಯಲ್ಲೇ ಒಳ್ಳೆಯ ಇಂಜಿನಿಯರಿಂಗ್ ಕಾಲೇಜುಗಳಿವೆ, ಮನೆಯಿಂದಲೇ ಹೋಗಿ ಬರಬಹುದಿತ್ತಲ್ಲ ಎಂದು ನೆಂಟರು ಹೇಳಿದಾಗ ತಂದೆ ಏನೂ ಉತ್ತರ ಕೊಟ್ಟಿರಲಿಲ್ಲ. ಆ ಮಾತು ಮನಸ್ಸಿಗೆ ತಾಗದೆಯೂ ಇರಲಿಲ್ಲ.

ಮೊದಲನೆಯ ಕಾಗದ ಅರ್ಧ ಗಂಟೆಯಲ್ಲಿ ಮುಗಿಯಿತು. ರಾತ್ರಿ ಎಂಟರ ಮೇಲೆ ಹೊರಗೆ ಹೋಗಬೇಡ. ಮೊಬೈಲು ಹೆಚ್ಚು ನೋಡಬೇಡ. ಗೊತ್ತಿಲ್ಲದವರ ಸಂಗಡ ಮಾತು ಬೇಡ. ಸಮುದ್ರದ ಕಡೆ ತಲೆ ಹಾಕಬೇಡ. ಹೀಗೆ 22 'ಬೇಡ'ಗಳು. ತಾಯಿ ಸೆರಗಿಗೆ ಕೈ ಒರೆಸಿಕೊಂಡು ಓದಿ ಹೇಳಿದರು:

"ಇದೇನ್ರೀ, ಕಾಗದಾನೋ, ನಿಮ್ಮ ವರ್ಕ್‌ಶಾಪಿನ ನೋಟೀಸ್ ಬೋರ್ಡೋ? ಇದ್ರಲ್ಲಿ ಒಂದು ತಪ್ಪಿದ್ರೂ ಅವಳು ನಮಗೆ ಬಾಯಿ ಬಿಡಲ್ಲ, ನೋಡ್ರಿ."

ತಂದೆ ಯೋಚಿಸಿದರು. ಸಮುದ್ರಕ್ಕೆ ಹೋಗಬೇಡ ಎಂದು ಬರೆದರೆ ಗೆಳತಿಯರ ಜೊತೆ ಹೋಗೇ ಹೋಗುತ್ತಾಳೆ. ಕಾಲೇಜು ಇರುವುದೇ ಕಡಲ ದಂಡೆಯಲ್ಲಿ. ಹೋದದ್ದನ್ನು ಮಾತ್ರ ಹೇಳುವುದಿಲ್ಲ. ಮುಂದೆ ನಿಜವಾಗಿ ಅಪಾಯ ಬಂದಾಗಲೂ 'ಅಪ್ಪಾಜಿ ಬೈತಾರೆ' ಎಂದು ಸುಮ್ಮನಿರುತ್ತಾಳೆ. ಆಣತಿಯ ರೂಪದಲ್ಲಿ ಹೋದ ಚಿಂತೆ ಸುದ್ದಿ ಬರುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹಾಳೆ ಹರಿದರು.

ಎರಡನೆಯ ಕಾಗದ ಬರೆಯುವಾಗ ಕಣ್ಣು ತುಂಬಿ ಬಂತು. ತಾತ ಮಾಡಿದ ಲೇತನ್ನು ಅಪ್ಪ ಓಡಿಸಿದ, ಮಗಳು ಅದರ ಡ್ರಾಯಿಂಗ್ ಮಾಡುವವಳಾಗುತ್ತಾಳೆ ಎಂದು ಬರೆದರು. ಅಮ್ಮನ ಬಳೆ ಬ್ಯಾಂಕಿನಲ್ಲಿರುವುದನ್ನೂ, ತಾವು ಭಾನುವಾರವೂ ಓವರ್‌ಟೈಮ್ ಮಾಡಿದ್ದನ್ನೂ ಬರೆದರು. 'ನೀನೇ ನಮ್ಮ ಮನೆಯ ದೀಪ, ನಮ್ಮ ಮರ್ಯಾದೆ ನಿನ್ನ ಕೈಯಲ್ಲಿದೆ' ಎಂದು ಮುಗಿಸಿದರು. ತಾಯಿಯೂ ಓದಿ ಅತ್ತರು. ಅತ್ತು, ಮೂಗು ಒರೆಸಿಕೊಂಡು ಕೇಳಿದರು:

"ಚೆನ್ನಾಗೈತೆ. ಆದ್ರೆ ಮೊದಲನೇ ಪರೀಕ್ಷೆಲಿ ಮಾರ್ಕ್ಸ್ ಕಮ್ಮಿ ಬಂದ್ರೆ, ಇದನ್ನ ಓದಿದ ಮಗಳು ನಿಮಗೆ ಹೇಳ್ತಾಳಾ?"

ಆ ಬೀದಿಯಲ್ಲೇ ಒಬ್ಬ ಹುಡುಗನಿದ್ದ. ದೂರದ ಕಾಲೇಜಿಗೆ ಹೋದವನು ಎರಡು ಸೆಮಿಸ್ಟರುಗಳಲ್ಲಿ ಫೇಲಾದ ವಿಷಯಗಳನ್ನು ಮುಚ್ಚಿಟ್ಟಿದ್ದ. ಹಬ್ಬಕ್ಕೆ ಬಂದಾಗಲೆಲ್ಲ ನಗುನಗುತ್ತಲೇ ಇದ್ದ. ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದುಹೋಗಿತ್ತು. ಅವನೇನೂ ದಡ್ಡನಲ್ಲ, ಪೋಲಿಯೂ ಅಲ್ಲ. ಅಪ್ಪ ಅಮ್ಮನ ಹೆಮ್ಮೆಯನ್ನು ಒಡೆಯುವ ಧೈರ್ಯ ಅವನಿಗಿರಲಿಲ್ಲ, ಅಷ್ಟೆ. ಹೆಮ್ಮೆಯ ಜೊತೆಗೆ ತ್ಯಾಗದ ಲೆಕ್ಕವನ್ನೂ ಕಟ್ಟಿ ಕಳಿಸಿದರೆ ಅದು ಮಗುವಿನ ಮೇಲೆ ಸಾಲವಾಗಿ ಕೂರುತ್ತದೆ. ಎರಡನೆಯ ಹಾಳೆಯೂ ಹರಿಯಿತು.

ಹಾಗಾದರೆ ತಂದೆಯಾದವನು ಬರೆಯುವುದಾದರೂ ಏನನ್ನು? ಅವರಿಗೆ ಶಾಲೆಯಲ್ಲಿ ಮೇಷ್ಟರು ಹೇಳಿದ್ದೊಂದು ನೆನಪಾಯಿತು. 1928ರ ಬೇಸಿಗೆಯಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಇಂದಿರೆಗೆ ಅಲಹಾಬಾದಿನಿಂದ ಜವಾಹರಲಾಲ್ ನೆಹರೂ ಕಾಗದಗಳನ್ನು ಬರೆದರು. ಅವು ಭೂಮಿ ಹುಟ್ಟಿದ ಬಗೆ, ಕಲ್ಲುಗಳು ಹೇಳುವ ಕಥೆ, ಮನುಷ್ಯ ಮಾತು ಕಲಿತ ಬಗೆ ಇಂಥವನ್ನು ಕುರಿತ ಕಾಗದಗಳು. ತನಗೆ ಗೊತ್ತಿದ್ದನ್ನು ಮಗಳ ಜೊತೆ ಹಂಚಿಕೊಂಡ ತಂದೆ ಅವರು. ಈ ತಂದೆಗೆ ಭೂಮಿಯ ಚರಿತ್ರೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡೇ: ಒಂದು ಲೇತು, ಇನ್ನೊಂದು ತುಂಗಭದ್ರೆ. ಮೂರನೆಯ ಕಾಗದವನ್ನು ಅವರು ಅಲ್ಲಿಂದಲೇ ಆರಂಭಿಸಿದರು.

'ಚಿರಂಜೀವಿ ಪುಟ್ಟಿಗೆ ನಿನ್ನ ಅಪ್ಪಾಜಿ ಮಾಡುವ ಆಶೀರ್ವಾದಗಳು.

ನೀನು ಇನ್ನು ಮೇಲೆ ಪುಸ್ತಕದಲ್ಲಿ ಓದುವುದನ್ನು ನಾನು ಕೈಯಲ್ಲಿ ಕಲಿತವನು. ತೆಳು ಗೋಡೆಯ ಬುಷ್ ಒಂದನ್ನು ಮೂರು ದವಡೆಯ ಚಕ್ಕಿನಲ್ಲಿ ಹಿಡಿದು ಒಳಗೆ ಬೋರ್ ಮಾಡುವುದಿರುತ್ತದೆ. ಹೊಸಬನಾಗಿದ್ದಾಗ, ಎಲ್ಲಿ ಜಾರಿ ಹಾರಿಬಿಡುತ್ತದೋ ಎಂಬ ಹೆದರಿಕೆಯಿಂದ ನಾನು ಚಕ್ಕನ್ನು ಕೈಲಾದಷ್ಟು ಬಿಗಿ ಮಾಡುತ್ತಿದ್ದೆ. ಬೋರ್ ಮಾಡಿ ನೋಡಿದರೆ ತೂತು ಚಂದ್ರನಂತೆ ದುಂಡಗಿರುತ್ತಿತ್ತು. ಚಕ್ ಬಿಚ್ಚಿದ ಕೂಡಲೇ, ಮೂರು ಕಡೆ ಅದುಮಿದ್ದ ಲೋಹ ತನ್ನ ಜಾಗಕ್ಕೆ ಚಿಮ್ಮಿ, ತೂತು ಮೂರು ಮೂಲೆ ಮಾಡಿಕೊಳ್ಳುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಶಾಫ್ಟ್ ಹಾಕಲು ಹೋದಾಗ ಒಂದು ಕಡೆ ಹಿಡಿಯುತ್ತಿತ್ತು, ಒಂದು ಕಡೆ ಸಡಿಲವಾಗುತ್ತಿತ್ತು. ಹಿಡಿತದಲ್ಲಿರುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಪುಟ್ಟಿ. ಬಿಟ್ಟ ಮೇಲೆಯೇ ಹಿಡಿದವನ ತಪ್ಪು ತಿಳಿಯುವುದು.

ನಿನ್ನ ತಾತ ಉಪಾಯ ಹೇಳಿಕೊಟ್ಟರು. ಮೆದು ಲೋಹದ ದವಡೆ ಹಾಕಿ, ಅದನ್ನು ಬುಷ್ಷಿನ ಅಳತೆಗೇ ಕೊರೆದುಕೊಂಡರೆ, ಅದು ಮೂರು ಕಡೆ ಚುಚ್ಚುವ ಬದಲು ಸುತ್ತಲೂ ತಬ್ಬಿ ಹಿಡಿಯುತ್ತದೆ. ಕಡಿಮೆ ಬಿಗಿಯೇ ಸಾಕಾಗುತ್ತದೆ. ಕೊನೆಯ ನಯವಾದ ಕಟ್ ತೆಗೆಯುವ ಮುಂಚೆ ಇನ್ನೂ ಒಂದಿಷ್ಟು ಸಡಿಲಿಸಬೇಕು. ಪೂರಾ ಬಿಟ್ಟರೆ ಮಾತ್ರ ಹಾರಿಹೋಗುತ್ತದೆ. ನಾನು ನಿನ್ನನ್ನು ಬಿಗಿಯಾಗಿ ಹಿಡಿದು ಬೆಳೆಸಿದ್ದೇನೋ ಏನೋ, ಗೊತ್ತಿಲ್ಲ. ಈಗ ಸಡಿಲಿಸುತ್ತಿದ್ದೇನೆ. ಕೈ ಬಿಡುತ್ತಿಲ್ಲ.'

ಇಷ್ಟು ಬರೆದ ಮೇಲೆ ಮನಸ್ಸು ಹಗುರಾಯಿತು. ಮುಂದಿನದು ತಾನಾಗಿ ಬಂತು.

'ಅಲ್ಲಿಗೆ ಬರುವ ಎಲ್ಲರೂ ತಮ್ಮ ತಮ್ಮ ಶಾಲೆಯಲ್ಲಿ ಮುಂದಿದ್ದವರೇ. ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದರೆ ಅರ್ಧ ಜನ ಕೆಳಗಿನ ಅರ್ಧಕ್ಕೆ ಬರಲೇಬೇಕು. ನೀನೂ ಅದರಲ್ಲಿರಬಹುದು. ಅದರಿಂದ ನೀನು ದಡ್ಡಿಯಾಗುವುದಿಲ್ಲ. ಮಾರ್ಕ್ಸ್ ಕಡಿಮೆ ಬಂದ ದಿನವೇ ಫೋನ್ ಮಾಡು. ನಾನು ಮೊದಲು ಊಟ ಆಯಿತಾ ಎಂದು ಕೇಳುತ್ತೇನೆ. ಉಳಿದದ್ದು ಆಮೇಲೆ.

ಸಮುದ್ರದ ಮಾತು. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ಹೊಳೆಯಲ್ಲಿ ನಿನಗೆ ಈಜು ಕಲಿಸಿದವನು ನಾನೇ. ಆ ಧೈರ್ಯ ಅಲ್ಲಿ ನಡೆಯದು. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ. ಕಡಲಲ್ಲಿ ದಡಕ್ಕೆ ಬಂದ ಅಲೆಯ ನೀರು ಕೆಲವು ಕಡೆ ಒಂದೇ ಕಿರಿದಾದ ದಾರಿಯಲ್ಲಿ ರಭಸವಾಗಿ ಹಿಂದಕ್ಕೆ ಹೋಗುತ್ತದೆ. ಅಂಥ ಜಾಗದಲ್ಲಿ ಎರಡೂ ಬದಿಗೆ ಅಲೆ ಒಡೆಯುತ್ತಿದ್ದರೂ ನಡುವೆ ನೀರು ಶಾಂತವಾಗಿ ಕಾಣುತ್ತದಂತೆ. ಆ ಶಾಂತಿಯೇ ಮೋಸ. ಮಳೆಗಾಲ ಮುಗಿಯುವ ತನಕ ದಡದ ಮೇಲೆಯೇ ನಿಂತು ನೋಡು. ಮುಂದೆ ಯಾವತ್ತಾದರೂ ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಿ ಸುಸ್ತಾಗಬೇಡ. ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗು.

ರ‍್ಯಾಗಿಂಗ್ ಮಾಡುವುದಿಲ್ಲವೆಂದು ನೀನೂ ನಾನೂ ಮುಚ್ಚಳಿಕೆ ಬರೆದುಕೊಟ್ಟಿದ್ದೇವೆ. ನಿನಗೆ ಯಾರಾದರೂ ಮಾಡಿದರೆ ಸಹಿಸಿಕೊಳ್ಳುವುದು ದೊಡ್ಡತನವಲ್ಲ. ವಾರ್ಡನ್ನರಿಗೆ ಹೇಳು. ದೇಶಕ್ಕೆಲ್ಲ ಒಂದೇ ಉಚಿತ ನಂಬರಿದೆ, 1800-180-5522. ಅದನ್ನು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ದುಡ್ಡಿನ ಚಿಂತೆ ನನ್ನದು, ನಿನ್ನದಲ್ಲ. ಹೆಮ್ಮೆ ನನಗೆ ಈಗಾಗಲೇ ಆಗಿದೆ. ಅದಕ್ಕಾಗಿ ನೀನು ಇನ್ನೇನೂ ಮಾಡಬೇಕಾಗಿಲ್ಲ.'

ತಾಯಿ ಈ ಸಲ ಏನೂ ಹೇಳಲಿಲ್ಲ. ಪೆನ್ನು ತೆಗೆದುಕೊಂಡು ಕೆಳಗೆ ಒಂದೇ ಸಾಲು ಸೇರಿಸಿದರು: 'ಚಟ್ನಿಪುಡಿ ಡಬ್ಬಿಗೆ ಒದ್ದೆ ಚಮಚ ಹಾಕಬೇಡ.' ಆ ಕಾಗದದಲ್ಲಿ ಅಪ್ಪಣೆಯೆಂದು ಉಳಿದದ್ದು ಅದೊಂದೇ.

ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಹೊರಟರು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಬಂದಾಗ ಆಗಸ್ಟ್ ತಿಂಗಳ ಮಳೆ ಧೋ ಎಂದು ಸುರಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ತಂದೆ ತೋರಿಸಿದರು: ಈ ಕಡೆ ಬಿದ್ದ ನೀರು ತುಂಗೆ ಸೇರಿ ನಮ್ಮೂರಿಗೆ ಬರುತ್ತದೆ, ಆ ಕಡೆ ಬಿದ್ದದ್ದು ಘಾಟಿ ಇಳಿದು ನಿನ್ನ ಸಮುದ್ರಕ್ಕೆ. ಮಗಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಹಾಸ್ಟೆಲಿನ ಗೇಟಿನಲ್ಲಿ ಟ್ರಂಕು ಇಳಿಸಿ, 'ಬರ್ತೀನಿ' ಎಂದಷ್ಟೇ ಹೇಳಿ ತಂದೆ ಹಿಂದಿರುಗಿದರು. ಕಾಗದದ ವಿಷಯ ಹೇಳಲಿಲ್ಲ.

ಅದು ಅವಳಿಗೆ ಎಂದು ಸಿಕ್ಕಿತೋ, ಓದಿ ಅತ್ತಳೋ ನಕ್ಕಳೋ, ಯಾರಿಗೂ ತಿಳಿಯದು. ಫೋನಿನಲ್ಲಿ ಅವಳೂ ಆ ಮಾತೆತ್ತಲಿಲ್ಲ. ದಸರೆಗೆ ಸ್ವಲ್ಪ ಮುಂಚೆ ಒಂದು ಸಂಜೆ, ತಂದೆ ದಾವಣಗೆರೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಫೋನು ಬಂತು.

"ಅಪ್ಪಾಜಿ, ಗಣಿತದಲ್ಲಿ 50ಕ್ಕೆ 14 ಬಂದೈತಿ."

ತಂದೆಯ ಎದೆ ಧಸಕ್ಕೆಂದಿತು. ಹರಿಹರದ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಹತ್ತು ಪ್ರಶ್ನೆಗಳು ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ಅವರು ಅವನ್ನೆಲ್ಲ ನುಂಗಿಕೊಂಡರು.

"ಊಟ ಆಯ್ತಾ, ಪುಟ್ಟಿ?"

ಆ ಕಡೆಯಿಂದ ಅಳು ಕೇಳಿಸಿತು; ಅಳುವಿನ ನಡುವೆಯೇ ಸಣ್ಣಗೆ ನಗುವೂ ಕೇಳಿಸಿತು. ಬಸ್ಸು ಹೊರಟುಹೋಯಿತು. ತಂದೆ ಕಲ್ಲುಬೆಂಚಿನ ಮೇಲೆ ಕುಳಿತು, ಮುಂದಿನ ಮಾತಿಗೆ ಕಾದರು.