ನೋಡಿದವರು, ಮೆಚ್ಚಿದವರು, ಕೇಳಿದವರು

ಪೆಂಡುರ್ತಿಯ ಒಂದು ಬಾಡಿಗೆ ಕೊಠಡಿಯಲ್ಲಿ ನಾವು ನಾಲ್ಕು ಕುಟುಂಬಗಳು ಸೇರಿ ಶನಿವಾರದ ಕನ್ನಡ ತರಗತಿ ನಡೆಸುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಕೇಂದ್ರ ಸರ್ಕಾರದ ನೌಕರರು. ವರ್ಗಾವಣೆಯ ಆದೇಶ ಬಂದರೆ ಒಂದೇ ವಾರದಲ್ಲಿ ಮೂರು ಮಕ್ಕಳು ಕಡಿಮೆಯಾಗುತ್ತಾರೆ. ಕಳೆದ ವರ್ಷ ಹತ್ತೊಂಬತ್ತು ಮಕ್ಕಳಿದ್ದದ್ದು ಹನ್ನೊಂದಕ್ಕೆ ಇಳಿಯಿತು. ಬಾಡಿಗೆ ಮಾತ್ರ ಇಳಿಯಲಿಲ್ಲ.

ಆದರೆ ನಮ್ಮ ಫೇಸ್‌ಬುಕ್ ಪುಟ ಬೆಳೆಯುತ್ತಿದೆಯೆಂಬ ಸಮಾಧಾನ ನಮಗಿತ್ತು. ಒಂದು ತಿಂಗಳ ಹನ್ನೆರಡು ಪೋಸ್ಟ್‌ಗಳ ತಲುಪನ್ನು ಕೂಡಿಸಿ, ಎಂಟು ಸಾವಿರ ಜನ ನೋಡಿದರು ಎಂದು ಸಭೆಯಲ್ಲಿ ಓದಿದ್ದೆವು. ಆ ಲೆಕ್ಕವೇ ತಪ್ಪು. ತಲುಪು ಎಂದರೆ ಒಂದು ಪೋಸ್ಟನ್ನು ಕಂಡ ಬೇರೆ ಬೇರೆ ಖಾತೆಗಳ ಅಂದಾಜು ಸಂಖ್ಯೆ. ಒಂದೇ ಆರುನೂರು ಎಪ್ಪತ್ತು ಮಂದಿ ಹನ್ನೆರಡನ್ನೂ ಕಂಡಿದ್ದರೂ ಕೂಡಿಸಿದಾಗ ಎಂಟು ಸಾವಿರವಾಗುತ್ತದೆ. ಇಡೀ ತಿಂಗಳ ತಲುಪನ್ನು ಪುಟವೇ ಪ್ರತ್ಯೇಕವಾಗಿ ತೋರಿಸುತ್ತದೆ. ಅಲ್ಲಿ ನೋಡಿದಾಗ ಸಾವಿರವೂ ಇರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಕೂಡುವ ಲೆಕ್ಕ ಬಾರದೆಂದು ನಕ್ಕವರು ಅಂದು ಸುಮ್ಮನಾದರು, ಏಕೆಂದರೆ ಆ ಲೆಕ್ಕ ಮಾಡಿದ್ದವರು ಲೆಕ್ಕಪತ್ರ ವಿಭಾಗದವರು.

ಅಂದಿನಿಂದ ಮೂರು ಅಂಕಣಗಳ ಪುಸ್ತಕವೊಂದನ್ನು ತೆರೆದೆವು. ಮೊದಲನೆಯದು ಕಂಡವರು, ಎರಡನೆಯದು ಮೆಚ್ಚಿದ, ಬರೆದ, ಹಂಚಿದವರು, ಮೂರನೆಯದು ತರಗತಿಯ ಬಗ್ಗೆ ವಿಚಾರಿಸಿದವರು. ಮೊದಲೆರಡನ್ನು ಫೇಸ್‌ಬುಕ್ ಎಣಿಸಿಕೊಡುತ್ತದೆ, ಮೂರನೆಯದನ್ನು ನಾವೇ ಎಣಿಸಬೇಕು. "ಸೂಪರ್ ಸರ್" ಎಂಬ ಸಂದೇಶ ವಿಚಾರಣೆಯಲ್ಲ, "ನಮ್ಮ ಮಗಳಿಗೆ ಏಳು ವರ್ಷ, ಸೇರಿಸಬಹುದೇ?" ಎಂಬುದು ವಿಚಾರಣೆ.

ಸಿಂಹಾಚಲದ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನದ ಕುರಿತ ಪೋಸ್ಟ್ ನಮ್ಮ ಹೆಮ್ಮೆಯಾಗಿತ್ತು. ಅದೊಂದೇ ಐದು ಸಾವಿರ ಖಾತೆಗಳನ್ನು ತಲುಪಿತು. ಹಂಚಿಕೊಂಡವರನ್ನು ನೋಡಿದರೆ ಬಹುಪಾಲು ಬೆಂಗಳೂರು, ಬಳ್ಳಾರಿ, ಹೊಸಪೇಟೆಯವರು. ಶನಿವಾರ ಬೆಳಿಗ್ಗೆ ಅವರ ಮಕ್ಕಳು ಪೆಂಡುರ್ತಿಗೆ ಬರುವಂತಿಲ್ಲ. ರಾಯರು ಪ್ರತಿ ಹಬ್ಬಕ್ಕೂ ಮಾಡುತ್ತಿದ್ದ ಶುಭಾಶಯದ ಚಿತ್ರಗಳಿಗೆ ಮೆಚ್ಚುಗೆ ಹೇರಳ, ಆದರೆ ಪ್ರತಿ ಬಾರಿಯೂ ಅದೇ ನಲವತ್ತು ಹೆಸರುಗಳು. ಅರ್ಧದಷ್ಟು ನಮ್ಮ ಬಂಧುಗಳೇ. ತರಗತಿಯ ವೇಳೆ, ಶುಲ್ಕ, ಕೊಠಡಿಗೆ ಬರುವ ದಾರಿ ಬರೆದಿದ್ದ ನೀರಸ ಪೋಸ್ಟನ್ನು ಕಂಡವರು ಇನ್ನೂರ ಹತ್ತು, ಮೆಚ್ಚಿದವರು ಆರು, ವಿಚಾರಿಸಿದವರು ನಾಲ್ವರು.

ಶುಭಾಶಯಗಳನ್ನು ಆಗಲೇ ಕೈಬಿಡಬೇಕೆಂದೆವು. ರಾಯರು ಎತ್ತಿದ ಆಕ್ಷೇಪ ನ್ಯಾಯವಾಗಿತ್ತು. "ನನ್ನ ಚಿತ್ರದಲ್ಲಿ ಫೋನ್ ನಂಬರೇ ಇಲ್ಲ. ಕೇಳುವವರು ಎಲ್ಲಿ ಕೇಳಬೇಕು?" ಎಂದರು. ವಿಳಾಸವಿಲ್ಲದ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ಪತ್ರವನ್ನು ಹಳಿದಂತಾಗಿತ್ತು ನಮ್ಮ ತೀರ್ಪು. ಆದ್ದರಿಂದ ಎಂಟು ವಾರ ಎಲ್ಲ ಬಗೆಯ ಪೋಸ್ಟ್‌ಗಳ ಕೊನೆಗೂ ಒಂದೇ ವಾಕ್ಯ, ಒಂದೊಂದು ವಾಟ್ಸಾಪ್ ಕೊಂಡಿ ಸೇರಿಸಿದೆವು. ಕೊಂಡಿಯ ಕೊನೆಯ ಅಕ್ಷರ ಮಾತ್ರ ಬೇರೆ: ಹಬ್ಬಕ್ಕೆ H, ಶಾಸನ ಮತ್ತು ಇತಿಹಾಸಕ್ಕೆ S, ವೇಳೆಯ ಮಾಹಿತಿಗೆ T.

```
https://wa.me/91XXXXXXXXXX?text=Kannada%20class%20T
```

ಇದನ್ನು ಒತ್ತಿದವರ ವಾಟ್ಸಾಪ್‌ನಲ್ಲಿ "Kannada class T" ಎಂಬ ಸಂದೇಶ ಸಿದ್ಧವಾಗಿರುತ್ತದೆ. ಅವರು ಕಳುಹಿಸಿದರೆ ಯಾವ ಬಗೆಯ ಪೋಸ್ಟಿನಿಂದ ಬಂದರೆಂದು ನಮಗೆ ತಿಳಿಯುತ್ತದೆ. ಆ ಸಾಲನ್ನು ಅಳಿಸಿ ತಮ್ಮದೇ ಮಾತು ಬರೆಯುವವರೂ ಇದ್ದಾರೆ, ನೇರವಾಗಿ ಕರೆ ಮಾಡುವವರೂ ಇದ್ದಾರೆ. ಅಂಥವರನ್ನು "ನಮ್ಮ ವಿಷಯ ಎಲ್ಲಿ ತಿಳಿಯಿತು?" ಎಂದು ಕೇಳಿ ಬರೆದುಕೊಂಡೆವು.

ಎಂಟು ವಾರಗಳಲ್ಲಿ ಹದಿಮೂರು ವಿಚಾರಣೆಗಳು ಬಂದವು. T ಒಂಬತ್ತು, S ಎರಡು, H ಸೊನ್ನೆ. ಉಳಿದಿಬ್ಬರು ಕೇಳಿ ತಿಳಿದವರು. ಹದಿಮೂರೆಂಬುದು ಸಣ್ಣ ಸಂಖ್ಯೆ. ಒಂಬತ್ತಕ್ಕೂ ಎರಡಕ್ಕೂ ಇರುವ ಅಂತರವನ್ನು ನಂಬಬಹುದು, ಎರಡಕ್ಕೂ ಸೊನ್ನೆಗೂ ಇರುವುದನ್ನು ಅಷ್ಟಾಗಿ ನಂಬಲಾಗದು. S ಹಿಡಿದು ಬಂದ ಒಬ್ಬ ತಾಯಿ, ಶಾಸನದ ಪೋಸ್ಟನ್ನು ಓದಿ ತಿಂಗಳಾಗಿತ್ತು, ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಹುಡುಕಿ ತೆಗೆದೆ ಎಂದರು. ಇಂಥ ತಡವಾದ ಫಲ ವಾರದ ಲೆಕ್ಕಕ್ಕೆ ಸಿಗುವುದಿಲ್ಲ.

ಹೀಗಾಗಿ ಇತಿಹಾಸವನ್ನು ತಿಂಗಳಿಗೊಂದರಂತೆ ಉಳಿಸಿಕೊಂಡೆವು. ವೇಳೆಯ ಮಾಹಿತಿ ಹದಿನೈದು ದಿನಕ್ಕೊಮ್ಮೆ, ವರ್ಗಾವಣೆಯ ಕಾಲವಾದ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರತಿ ವಾರ. "ಇದು ಯಾವ ಊರು ಹೇಳಿ" ಎಂಬ ಒಗಟುಗಳನ್ನೂ ಹಬ್ಬದ ಶುಭಾಶಯಗಳನ್ನೂ ನಿಲ್ಲಿಸಿದೆವು. ಮಕ್ಕಳ ಓದಿನ ಚಿತ್ರಗಳಿಂದ ವಿಚಾರಣೆ ಬರದಿದ್ದರೂ ನಿಲ್ಲಿಸಲಿಲ್ಲ. ಅವು ಈಗಾಗಲೇ ಸೇರಿರುವವರ ಅಜ್ಜ ಅಜ್ಜಿಯರಿಗಾಗಿ. ಅವುಗಳನ್ನು ಮೂರನೆಯ ಅಂಕಣದಿಂದ ಅಳೆಯುವುದಿಲ್ಲವೆಂದು ಪುಸ್ತಕದಲ್ಲೇ ಬರೆದಿಟ್ಟಿದ್ದೇವೆ.

ತಲುಪು ಅರ್ಧಕ್ಕಿಳಿಯಿತು. ಮಕ್ಕಳು ಹದಿನಾರಾದರು. ದೀಪಾವಳಿಯ ಚಿತ್ರ ಏಕಿಲ್ಲವೆಂದು ಧಾರವಾಡದಿಂದ ರಾಯರ ಅಕ್ಕ ಫೋನು ಮಾಡಿದ್ದರು. ಆ ಚಿತ್ರವನ್ನು ಅವರು ಅಕ್ಕನಿಗಷ್ಟೇ ಕಳುಹಿಸಿ, ಮರುದಿನ ಕೊಠಡಿಯ ಗೇಟಿನ ಫೋಟೋ ತೆಗೆಯಲು ಬಂದರು; ಹೊಸಬರಿಗೆ ತಿರುವು ತಿಳಿಯುತ್ತಿರಲಿಲ್ಲ.