ಹ್ಯಾಲಿಯ ಧೂಳು

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಆದರೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವ ಸುಖವನ್ನು ಕೊಡುವುದೂ ಆ ಕಡುಬೇಸಿಗೆಯೇ. ಮೇ ತಿಂಗಳ 5, 6ನೆಯ ತಾರೀಖಿನ ಸುಮಾರಿಗೆ ಬೆಳಗಿನ ಜಾವ ಎಚ್ಚರವಾದವರಿಗೆ ಆ ಹಾಸಿಗೆಯ ಮೇಲಿಂದಲೇ ಹ್ಯಾಲಿ ಧೂಮಕೇತುವಿನ ಕಣಗಳು ಉರಿದುಹೋಗುವುದು ಕಂಡೀತು.

ಹ್ಯಾಲಿ 1910ರಲ್ಲಿ ಬಂದಿತ್ತು, 1986ರಲ್ಲಿ ಬಂದಿತ್ತು. ಇನ್ನು ಬರುವುದು 2061ಕ್ಕೆ. ಅಷ್ಟು ದಿನ ಕಾಯುವ ಆಯುಸ್ಸು ನನ್ನಂಥ ಮುದುಕರಿಗಿಲ್ಲ. ಅದರ ಧೂಳಿಗಾದರೋ ಕಾಯಬೇಕಾಗಿಲ್ಲ. ಧೂಮಕೇತುವೆಂದರೆ ಮಂಜುಗಡ್ಡೆಯೂ ಧೂಳೂ ಬೆರೆತ ಮುದ್ದೆ. ಸೂರ್ಯನ ಬಳಿ ಬಂದಾಗ ಮಂಜು ಆವಿಯಾಗಿ ಚಿಮ್ಮುತ್ತದೆ. ಜೊತೆಗೆ ಕಣಗಳನ್ನೂ ತಳ್ಳುತ್ತದೆ. ಅವು ಹೆಚ್ಚುಕಡಮೆ ತಾಯಿಯ ದಾರಿಯನ್ನೇ ಹಿಡಿಯುತ್ತವೆ. ಆದರೆ ಕೆಲವು ತುಸು ಮುಂದೆ, ಕೆಲವು ತುಸು ಹಿಂದೆ ಬೀಳುವುದರಿಂದ ಶತಮಾನಗಳು ಕಳೆಯುವಷ್ಟರಲ್ಲಿ ದಾರಿಯ ಉದ್ದಕ್ಕೂ ಹರಡಿಬಿಡುತ್ತವೆ. ಧೂಮಕೇತು ಎಷ್ಟು ದೂರದಲ್ಲಿದ್ದರೂ ಭೂಮಿ ಪ್ರತಿ ಮೇ ತಿಂಗಳಲ್ಲಿ ಆ ಧೂಳಿನ ನಡುವೆ ಹಾಯುತ್ತದೆ. ಮರಳಿನ ಹರಳಿನಷ್ಟಿರುವ ಕಣ ಸೆಕೆಂಡಿಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ನುಗ್ಗಿ, ನೂರು ಕಿಲೋಮೀಟರ್ ಎತ್ತರದಲ್ಲಿಯೇ ಉರಿದುಹೋಗುತ್ತದೆ. ನಾವು ಅದನ್ನು ನಕ್ಷತ್ರ ಬಿತ್ತು ಎನ್ನುತ್ತೇವೆ.

ಈ ಉಲ್ಕೆಗಳೆಲ್ಲ ಕುಂಭರಾಶಿಯ ಒಂದು ಬಿಂದುವಿನಿಂದ ಹೊರಟಂತೆ ತೋರುತ್ತವೆ. ದೂರದಲ್ಲಿ ರೈಲುಕಂಬಿಗಳು ಕೂಡಿದಂತೆ ಕಾಣುವುದಿಲ್ಲವೇ, ಹಾಗೆ. ಆ ಬಿಂದು ನಮ್ಮಲ್ಲಿ ರಾತ್ರಿ 2ರ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತದೆ. ಆದ್ದರಿಂದ ಸಂಜೆ ನೋಡಿ ಫಲವಿಲ್ಲ. 3ರಿಂದ 4:30ರವರೆಗೆ ಸರಿಯಾದ ಸಮಯ.

ಗಂಟೆಗೆ 50 ಉಲ್ಕೆ ಎಂಬ ಲೆಕ್ಕವನ್ನು ಓದಿ ಹೋದವರು ನಿರಾಶರಾಗುತ್ತಾರೆ. ಅದು ಬಿಂದು ನೆತ್ತಿಯ ಮೇಲಿದ್ದು, ಆಕಾಶ ಕಡುಗಪ್ಪಾಗಿದ್ದಾಗಿನ ಲೆಕ್ಕ. 4 ಗಂಟೆಗೆ ನಮ್ಮಲ್ಲಿ ಬಿಂದು ಸುಮಾರು 30 ಡಿಗ್ರಿ ಮಾತ್ರ ಮೇಲೇರಿರುತ್ತದೆ. 50 ಅಲ್ಲಿಗೇ 25 ಆಯಿತು. ಬೇಸಿಗೆಯ ಧೂಳು, ದೀಪದ ಮಬ್ಬು ಕಳೆದರೆ ಹತ್ತು ಹದಿನೈದು ಉಳಿದಾವು. ಊರ ನಡುವಿನ ಮಾಳಿಗೆಯಲ್ಲಿ ಎರಡು ಮೂರು ಕಂಡರೆ ಪುಣ್ಯ.

ಹೀಗಾಗಿ ಆ ಒಂದು ರಾತ್ರಿ ಊರು ಬಿಡುವುದೇ ಲೇಸು. ಸಿರುಗುಪ್ಪದ ಕಡೆಯ ಗದ್ದೆಬಯಲು ಒಳ್ಳೆಯದು. ಬಳ್ಳಾರಿಯ ಬೆಳಕು ದಕ್ಷಿಣಕ್ಕೆ ಉಳಿದು ಪೂರ್ವ ಬಿಚ್ಚಿಕೊಂಡಿರುತ್ತದೆ. ಕುರುಗೋಡಿನಲ್ಲಾದರೆ ಗುಡ್ಡ ಬೆನ್ನಿಗಿರಲಿ, ಪೂರ್ವಕ್ಕೆ ಅಡ್ಡವಾಗದಿರಲಿ. ಹೊರಡುವ ಮುನ್ನ ಪಂಚಾಂಗ ನೋಡಿ: ಶುಕ್ಲಪಕ್ಷದ ಮೊದಲ ಭಾಗವಾದರೆ ಚಂದ್ರ ಬೇಗ ಮುಳುಗಿರುತ್ತಾನೆ, ಹುಣ್ಣಿಮೆಯ ಸುಮಾರಾದರೆ ನಿದ್ದೆ ಕೆಡಿಸಿಕೊಳ್ಳುವುದು ವ್ಯರ್ಥ.

ದುರ್ಬೀನು ಬೇಡ, ಅದು ಆಕಾಶದ ಒಂದು ಚೂರನ್ನಷ್ಟೇ ತೋರಿಸೀತು. ಚಾಪೆಯ ಮೇಲೆ ಅಂಗಾತ ಮಲಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಬಿಂದುವನ್ನೇ ದಿಟ್ಟಿಸಬೇಡಿ, ಅಲ್ಲಿ ಗೆರೆಗಳು ಗಿಡ್ಡ. ನೆತ್ತಿಯ ಕಡೆ ನೋಡಿ, ಅಲ್ಲಿ ಉದ್ದ. ಕಂಡ ಗೆರೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಳೆಯಿರಿ. ಅದು ಕುಂಭಕ್ಕೆ ಮುಟ್ಟಿದರೆ ಹ್ಯಾಲಿಯದು, ಇಲ್ಲದಿದ್ದರೆ ಯಾವುದೋ ದಾರಿಹೋಕ ಉಲ್ಕೆ. ನಿಧಾನವಾಗಿ ನಿಮಿಷಗಟ್ಟಲೆ ಸಾಗುವುದು ಮನುಷ್ಯನೇ ಹಾರಿಸಿದ ಉಪಗ್ರಹ.